ಬೀಜ ಮೇಳದ ಕರಪತ್ರ: ಕ್ಯೂಆರ್ ಕೋಡ್ ಕೆಳಗೆ ಏನು ಬರೆಯೋದು?

ಹೊಳೆಬದಿ

ಸಾಗರದ ಹತ್ತಿರ ನಮ್ಮೂರ ಶಾಲೆ ಮೈದಾನದಲ್ಲಿ ಮಳೆಗಾಲಕ್ಕೆ ಮುಂಚೆ ಬೀಜ ವಿನಿಮಯ ಮೇಳ ಇಟ್ಟುಕೊಂಡಿದ್ದೇವೆ. ಒಂದೇ ದಿನದ್ದು. ಸುತ್ತಲಿನ ರೈತರು ತಾವು ಉಳಿಸಿಕೊಂಡ ನಾಟಿ ಬೀಜ ತರುತ್ತಾರೆ, ಬೇಕಾದ್ದನ್ನು ಬದಲಾಯಿಸಿಕೊಂಡು ಹೋಗುತ್ತಾರೆ. ಎ5 ಅಳತೆಯ ಕರಪತ್ರ ಮಾಡಿಸುತ್ತಿದ್ದೇವೆ. ಹಾಲಿನ ಡೇರಿ, ಸೊಸೈಟಿ, ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲಿ ಕೊಡುವುದು.

ಬಲಗಡೆ ಕೆಳಮೂಲೆಯಲ್ಲಿ ಒಂದು ಕ್ಯೂಆರ್ ಕೋಡ್ ಇದೆ. ಸ್ಕ್ಯಾನ್ ಮಾಡಿದರೆ ಈ ಸಲ ಮೇಳಕ್ಕೆ ಬರುತ್ತಿರುವ ಬೀಜಗಳ ಪಟ್ಟಿ ತೆರೆಯುತ್ತದೆ: ರಾಜಮುಡಿ, ರತ್ನಚೂಡಿ, ಗಂಧಸಾಲೆ ಭತ್ತ, ಒಂದಿಷ್ಟು ರಾಗಿ, ಬದನೆ, ಸೌತೆ, ಅವರೆ, ಹೀಗೆ. ಯಾವ ಊರಿನವರು ತರುತ್ತಾರೆ ಅಂತಲೂ ಇದೆ. ಅದರ ಕೆಳಗೆ ಈಗ "ಹೆಚ್ಚಿನ ಮಾಹಿತಿಗಾಗಿ ಸ್ಕ್ಯಾನ್ ಮಾಡಿ" ಅಂತ ಹಾಕಿದ್ದಾರೆ. ನನಗೆ ಇದು ಸಾಲದು ಅನ್ನಿಸುತ್ತಿದೆ. ಸಮಿತಿಯ ಉಳಿದವರು "ಎಲ್ಲ ಕಡೆ ಹಾಗೇ ಬರೆಯುತ್ತಾರಲ್ಲ" ಅಂತಾರೆ. ಮೂರ್ನಾಲ್ಕು ಸಾಲಿಗೆ ಜಾಗ ಇದೆ. ಏನು ಬರೆದರೆ ಜನ ಫೋನ್ ತೆಗೆದು ನೋಡುತ್ತಾರೆ?

ಅಚ್ಚುಮೊಳೆ

ಶಿವಮೊಗ್ಗದಲ್ಲಿ ಪ್ರೆಸ್ ಇಟ್ಟುಕೊಂಡಿದ್ದೇನೆ, ಇಂಥ ಕರಪತ್ರ ದಿನಾ ಕೈಮೇಲೆ ಹಾದು ಹೋಗುತ್ತದೆ. ನಿಮಗೆ ಅನ್ನಿಸಿದ್ದು ಸರಿ. "ಹೆಚ್ಚಿನ ಮಾಹಿತಿ" ಅನ್ನುವುದು ಓದುವವರಿಗೆ ಏನನ್ನೂ ಹೇಳುವುದಿಲ್ಲ. ದಿನಾಂಕ, ಜಾಗ, ಫೋನ್ ನಂಬರ್ ಎಲ್ಲ ಕರಪತ್ರದಲ್ಲೇ ಇದೆ. ಇನ್ನೂ ಹೆಚ್ಚಿನದು ಏನಿದ್ದೀತು ಅಂತ ಯೋಚಿಸಿ ಕಾಗದ ಮಡಚಿ ಜೇಬಿಗೆ ಹಾಕಿಕೊಳ್ಳುತ್ತಾರೆ.

ನಿಮ್ಮ ಹತ್ತಿರ ಇರುವುದು ಬೀಜದ ಪಟ್ಟಿ. ಮೇಳಕ್ಕೆ ಹೋಗಬೇಕೋ ಬೇಡವೋ ಅಂತ ರೈತ ತೀರ್ಮಾನ ಮಾಡುವುದೇ ಅದನ್ನು ನೋಡಿ. ಹಾಗಿದ್ದಮೇಲೆ ಅದನ್ನೇ ಬರೆಯಿರಿ: "ಮೇಳಕ್ಕೆ ಯಾವ್ಯಾವ ಬೀಜ ಬರುತ್ತಿದೆ? ಪಟ್ಟಿ ಇಲ್ಲಿದೆ." ಸ್ಕ್ಯಾನ್ ಅನ್ನುವ ಮಾತು ಎರಡನೇ ಸಾಲಿಗೆ ಬರಲಿ. ಮೊದಲ ಸಾಲು ಸಿಗುವ ವಸ್ತುವಿನದ್ದಾಗಿರಬೇಕು.

ಒಂದು ಕೇಳಬೇಕು. ಆ ಕೋಡ್ ತೆರೆಯುವುದು ಏನನ್ನು? ವೆಬ್ ಪುಟವೋ, ಪಿಡಿಎಫ್ಫೋ, ಗೂಗಲ್ ಫಾರ್ಮೋ? ಅದು ಗೊತ್ತಾಗದೆ ಕೆಳಗಿನ ಬರಹ ಪೂರ್ತಿ ಮಾಡೋಕಾಗಲ್ಲ.

ಸಂತೆಬೀದಿ

ನಿಮ್ಮ ಬ್ಯಾಂಕಿಗೆ ಹೋಗಿ ಕರೆಂಟ್ ಅಕೌಂಟ್ ಪಾಸ್‌ಬುಕ್, ಆಧಾರ್ ಕೊಟ್ಟರೆ ಅವರೇ ಕ್ಯೂಆರ್ ಸ್ಟ್ಯಾಂಡ್ ಮಾಡಿಸಿಕೊಡ್ತಾರೆ. ದುಡ್ಡು ಬಂದಾಗ ಕೂಗುವ ಸ್ಪೀಕರ್ ಬಾಕ್ಸಿಗೆ ತಿಂಗಳ ಬಾಡಿಗೆ ಇರುತ್ತೆ, ಮೊದಲೇ ಕೇಳಿಕೊಳ್ಳಿ. ಕೆಳಗೆ ಸಂಘದ ಹೆಸರು ದೊಡ್ಡದಾಗಿ ಬರೆಸಿ, ಕಳಿಸುವವರಿಗೆ ಧೈರ್ಯ ಬರುತ್ತೆ.

ಹೊಳೆಬದಿ

ಸಂತೆಬೀದಿ ಅವರೇ, ಇದು ದುಡ್ಡು ತೆಗೆದುಕೊಳ್ಳುವ ಕೋಡ್ ಅಲ್ಲ. ಮೇಳಕ್ಕೆ ಪ್ರವೇಶ ಶುಲ್ಕವೇ ಇಲ್ಲ. ಪಟ್ಟಿ ನೋಡುವುದಕ್ಕೆ ಮಾತ್ರ.

ಅಚ್ಚುಮೊಳೆ ಅವರೇ, ಪಿಡಿಎಫ್. ಗೂಗಲ್ ಡ್ರೈವ್‌ನಲ್ಲಿ ಇಟ್ಟಿದ್ದೇವೆ.

ಮೇಷ್ಟ್ರಮನೆ

ಸಂತೆಬೀದಿಯವರು ತಿಳಿದುಕೊಂಡ ಹಾಗೆಯೇ ನಿಮ್ಮ ಕರಪತ್ರ ಓದುವವರೂ ತಿಳಿದುಕೊಳ್ಳುತ್ತಾರೆ. ಅದನ್ನು ಗಮನಿಸಿ. ನಮ್ಮ ಕಡೆ ಕ್ಯೂಆರ್ ಅಂದರೆ ತರಕಾರಿ ಗಾಡಿ, ಟೀ ಅಂಗಡಿ, ಆಟೋದಲ್ಲಿ ಇರುವುದು. 2016ರಲ್ಲಿ ಯುಪಿಐ ಬಂದಮೇಲೆ ಆ ಚೌಕ ಕಂಡರೆ ಕೈ ತಾನಾಗಿ ಫೋನ್‌ಪೇ, ಗೂಗಲ್‌ಪೇ ಕಡೆಗೆ ಹೋಗುತ್ತದೆ.

ನಮ್ಮ ದೇವಸ್ಥಾನದ ಜಾತ್ರೆ ಕರಪತ್ರದಲ್ಲಿ ಅಕ್ಕಪಕ್ಕ ಎರಡು ಕೋಡ್ ಹಾಕಿಸಿದ್ದರು. ಒಂದು ಕಾಣಿಕೆಗೆ, ಇನ್ನೊಂದು ಕಾರ್ಯಕ್ರಮದ ವಿವರಕ್ಕೆ. ಎರಡರ ಕೆಳಗೂ "ಸ್ಕ್ಯಾನ್ ಮಾಡಿ" ಅಷ್ಟೇ. ಜನ ಎರಡಕ್ಕೂ ದುಡ್ಡಿನ ಆ್ಯಪ್ ಹಿಡಿದರು. ಕಾರ್ಯಕ್ರಮದ ಕೋಡಿಗೆ ಆ ಆ್ಯಪ್ "ಇದು ಸರಿಯಾದ ಕೋಡ್ ಅಲ್ಲ" ಅನ್ನುವ ಹಾಗೆ ಏನೋ ತೋರಿಸಿತು. ಅದನ್ನು ನೋಡಿದವರು ಕಾಣಿಕೆ ಕೋಡಿನ ಮೇಲೂ ಅನುಮಾನಪಟ್ಟರು. ಸಮಿತಿಯವರಿಗೆ ಫೋನಿನ ಮೇಲೆ ಫೋನ್.

ಅಚ್ಚುಮೊಳೆ

ಮೇಷ್ಟ್ರು ಹೇಳಿದ್ದು ಇಡೀ ಪ್ರಶ್ನೆಯ ಬುಡ. ಎರಡು ಕೋಡಿನ ಒಳಗೆ ಏನಿರುತ್ತದೆ ಅಂತ ನೋಡಿದರೆ ಅರ್ಥ ಆಗುತ್ತದೆ. ಹಣದ ಕೋಡ್ ಒಳಗೆ ಇರುವ ಬರಹ ಹೀಗೆ ಶುರುವಾಗುತ್ತದೆ:

```
upi://pay?pa=...
```

ನಿಮ್ಮದು ಹೀಗೆ:

```
https://drive.google.com/file/d/...
```

ದುಡ್ಡಿನ ಆ್ಯಪ್ ಹುಡುಕುವುದು ಮೊದಲನೆಯದನ್ನು. ಎರಡನೆಯದು ಸಿಕ್ಕಿದರೆ ಕೆಲವು ಕೈಚೆಲ್ಲುತ್ತವೆ. ಫೋನಿನ ಕ್ಯಾಮೆರಾ ಅಥವಾ ಗೂಗಲ್ ಲೆನ್ಸ್ ಹಿಡಿದರೆ ಲಿಂಕ್ ಕಾಣುತ್ತದೆ, ಅದನ್ನು ಒತ್ತಿದರೆ ತೆರೆಯುತ್ತದೆ. ಆದ್ದರಿಂದ "ಸ್ಕ್ಯಾನ್ ಮಾಡಿ" ಅನ್ನುವುದರ ಬದಲು "ಫೋನಿನ ಕ್ಯಾಮೆರಾ ತೆರೆದು ಹಿಡಿಯಿರಿ" ಅಂತ ಬರೆಯಿರಿ. ಯಾವುದರಿಂದ ಸ್ಕ್ಯಾನ್ ಮಾಡಬೇಕು ಅನ್ನುವುದನ್ನೂ ಹೇಳಿದ ಹಾಗಾಯಿತು.

ಬಯಲುಸೀಮೆ

ಹಳೇ ಫೋನಿನ ಕ್ಯಾಮೆರಾ ಎಲ್ಲವೂ ಕೋಡ್ ಓದಲ್ಲ ಸಾರ್. ನಮ್ಮಪ್ಪನ ಫೋನಲ್ಲಿ ಕ್ಯಾಮೆರಾ ಹಿಡಿದರೆ ಫೋಟೋ ತೆಗೆಯುತ್ತೆ ಅಷ್ಟೇ.

ನನ್ನ ಕೇಳಿದರೆ ಈ ಡ್ರೈವ್, ಲಿಂಕು ಯಾವುದೂ ಬೇಡ. ಕ್ಯೂಆರ್ ಒಳಗೇ ಅಕ್ಷರ ತುಂಬಬಹುದು. ಪಟ್ಟಿಯನ್ನೇ ಅದರೊಳಗೆ ಹಾಕಿಬಿಡಿ. ನೆಟ್ ಇಲ್ಲದಿದ್ದರೂ ತೆರೆಯುತ್ತೆ. ಸಾಗರದ ಕಡೆ ಹಳ್ಳಿಗಳಲ್ಲಿ ನೆಟ್‌ವರ್ಕ್ ಎಲ್ಲಿ ಸಿಗುತ್ತೆ? ಕೆಳಗೆ "ಇಂಟರ್‌ನೆಟ್ ಬೇಕಿಲ್ಲ" ಅಂತ ಬರೆದರೆ ಎಲ್ಲರೂ ನೋಡ್ತಾರೆ.

ಅಚ್ಚುಮೊಳೆ

ನೆಟ್ ಇಲ್ಲದೆ ತೆರೆಯುತ್ತದೆ ಅನ್ನುವುದು ಸರಿ. ಆದರೆ ಕನ್ನಡದಲ್ಲಿ ಪಟ್ಟಿ ಹಿಡಿಸುವುದಿಲ್ಲ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡಕ್ಕೆ ಮೂರು ಬೇಕು. ಅದೂ ಕಾಗುಣಿತಕ್ಕೆ ಬೇರೆ ಲೆಕ್ಕ: "ಬೀ" ಬರೆಯಲು ಬ ಒಂದು, ದೀರ್ಘದ ಗುರುತು ಒಂದು, ಒಟ್ಟು ಆರು ಬೈಟ್. ಅತಿ ದೊಡ್ಡ ಕ್ಯೂಆರ್ ಕೋಡಿನಲ್ಲಿ, ಅಂದರೆ ಅಡ್ಡಕ್ಕೆ 177 ಉದ್ದಕ್ಕೆ 177 ಚೌಕ ಇರುವುದರಲ್ಲಿ, ಹಿಡಿಸುವುದೇ 2,953 ಬೈಟ್. ಹೆಸರು, ಊರು ಸೇರಿಸಿ ಮೂವತ್ತು ಸಾಲು ಬರೆದರೆ ಅಲ್ಲಿಗೆ ಮುಟ್ಟುತ್ತದೆ. ಎ5 ಕಾಗದದ ಮೂಲೆಯಲ್ಲಿ ಅಷ್ಟು ಚೌಕ ಅಚ್ಚಾದರೆ ಯಾವ ಫೋನೂ ಓದದು. ಶಾಯಿ ಸ್ವಲ್ಪ ಹರಡಿದರೂ ಚೌಕಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ನೆಟ್‌ವರ್ಕ್ ಮಾತು ಮಾತ್ರ ನಿಜ. ಅದಕ್ಕೆ ಉತ್ತರವೂ ಕೆಳಗಿನ ಬರಹದಲ್ಲೇ ಇದೆ. ಪಟ್ಟಿ ಎಷ್ಟು ದೊಡ್ಡದು ಅಂತ ಹೇಳಿ: "ಎರಡು ಪುಟ". ಡೇರಿ ಮುಂದೆ ನೆಟ್ ಸಿಗದವನು ಮನೆಗೆ ಹೋಗಿ ನೋಡೋಣ ಅಂತ ಇಟ್ಟುಕೊಳ್ಳುತ್ತಾನೆ. ಹೊಳೆಬದಿ ಅವರೇ, ನಿಮ್ಮ ಪಿಡಿಎಫ್ ಎಷ್ಟು ಎಂಬಿ ಇದೆ?

ಹೊಳೆಬದಿ

ನೋಡಿದೆ. ಹದಿನಾಲ್ಕು ಎಂಬಿ. ಪ್ರತಿ ಬೀಜದ ಫೋಟೋ ಹಾಕಿದ್ದಾರೆ, ಎಂಟು ಪುಟ.

ಅಚ್ಚುಮೊಳೆ

ಹಾಗಾದರೆ ಎರಡರಲ್ಲಿ ಒಂದು. ಕೆಳಗೆ "ಫೋಟೋ ಸಮೇತ ಎಂಟು ಪುಟ, 14 ಎಂಬಿ" ಅಂತ ನಿಜ ಬರೆಯಬೇಕು, ಇಲ್ಲ ಪಿಡಿಎಫ್ ಕಡಿಮೆ ಮಾಡಬೇಕು. ನಾನಾದರೆ ಫೋಟೋ ತೆಗೆದು ಎರಡು ಪುಟ ಮಾಡುತ್ತೇನೆ. ಅಕ್ಷರ ಮಾತ್ರ ಇದ್ದರೆ ಒಂದು ಎಂಬಿಯೂ ಆಗುವುದಿಲ್ಲ. ಪುಟವನ್ನು ಎ4ಗೆ ಮಾಡಬೇಡಿ, ಫೋನಿನ ಅಗಲಕ್ಕೆ ಮಾಡಿ, ಅಕ್ಷರ ದಪ್ಪಗಿರಲಿ. ಎ4 ಪುಟವನ್ನು ಫೋನಲ್ಲಿ ಎರಡು ಬೆರಳಿಂದ ಹಿಗ್ಗಿಸಿ ಓದುವಷ್ಟು ತಾಳ್ಮೆ ಯಾರಿಗೂ ಇರುವುದಿಲ್ಲ.

ಇನ್ನೊಂದು, ಇದು ಬಹಳ ಮುಖ್ಯ. ಡ್ರೈವ್‌ನಲ್ಲಿ ಇಟ್ಟಿರುವ ಫೈಲಿನ ಹಂಚಿಕೆ "Anyone with the link" ಅಂತ ಇದೆಯಾ ನೋಡಿ. "Restricted" ಇದ್ದರೆ ನಿಮ್ಮ ಫೋನಿನಲ್ಲಿ ಸಲೀಸಾಗಿ ತೆರೆಯುತ್ತದೆ, ಯಾಕೆಂದರೆ ಫೈಲ್ ನಿಮ್ಮದೇ. ಬೇರೆಯವರಿಗೆ "Request access" ಅಂತ ಬರುತ್ತದೆ. ಪಟ್ಟಿ ಸಿಗುತ್ತದೆ ಅಂತ ಓದಿ ಬಂದವನಿಗೆ ಇಂಗ್ಲಿಷಿನಲ್ಲಿ ಅನುಮತಿ ಕೇಳು ಅಂದರೆ ಅವನು ಮತ್ತೆ ಬರುವುದಿಲ್ಲ. ಅಚ್ಚಿಗೆ ಕೊಡುವ ಮುಂಚೆ ಸಮಿತಿಯಲ್ಲಿ ಇಲ್ಲದ ಯಾರದ್ದಾದರೂ ಫೋನಿನಿಂದ ತೆರೆದು ನೋಡಿ.

ಕಾಫಿಸಾಲು

ವಾಟ್ಸಾಪ್ ಗುಂಪಿನ ಲಿಂಕ್ ಹಾಕಬಹುದಲ್ಲ? ನಮ್ಮಲ್ಲಿ ಎಲ್ಲರಿಗೂ ಬರುವುದು ವಾಟ್ಸಾಪ್ ಒಂದೇ. ಪಿಡಿಎಫ್ ಅಂದರೆ ಹೆದರುವವರೂ ವಾಟ್ಸಾಪ್ ಅಂದರೆ ಒತ್ತುತ್ತಾರೆ.

ಮೇಷ್ಟ್ರಮನೆ

ಗುಂಪಿಗೆ ಸೇರಿದರೆ ಅಲ್ಲಿರುವ ಎಲ್ಲರಿಗೂ ನಂಬರ್ ಕಾಣುತ್ತದೆ. ಪಟ್ಟಿ ನೋಡಲು ಬಂದ ಹೆಣ್ಣುಮಕ್ಕಳ ನಂಬರ್ ಗೊತ್ತಿಲ್ಲದ ಇನ್ನೂರು ಜನಕ್ಕೆ ಹೋಗುವುದು ಬೇಡ. ಗುಂಪೇ ಮಾಡುವುದಾದರೆ ಕೆಳಗೆ "ಸ್ಕ್ಯಾನ್ ಮಾಡಿದರೆ ವಾಟ್ಸಾಪ್ ಗುಂಪಿಗೆ ಸೇರುತ್ತೀರಿ, ನಿಮ್ಮ ನಂಬರ್ ಸದಸ್ಯರಿಗೆ ಕಾಣುತ್ತದೆ" ಅಂತ ಬರೆಯುವುದು ನ್ಯಾಯ. ಹಾಗೆ ಬರೆದರೆ ಎಷ್ಟು ಜನ ಸೇರುತ್ತಾರೋ ಅಷ್ಟು ಜನ ಸಾಕು.

ಕಾಫಿಸಾಲು

ಗುಂಪು ಬೇಡ ಅಂದರೆ ನೇರ ಒಬ್ಬರ ನಂಬರಿಗೆ ಚಾಟ್ ತೆರೆಯುವ ಲಿಂಕ್ ಇದೆ. ನಮ್ಮ ನರ್ಸರಿಗೆ ಅದನ್ನೇ ಹಾಕಿದ್ದೇನೆ. ಹಿಡಿದ ಕೂಡಲೇ ಬರೆದಿಟ್ಟ ಸಂದೇಶದ ಜೊತೆ ಚಾಟ್ ತೆರೆಯುತ್ತದೆ, ಅವರು ಕಳಿಸಿದರೆ ಮುಗೀತು.

ಅಚ್ಚುಮೊಳೆ

ಅದೂ ಒಳ್ಳೆಯದೇ. ಸಂದೇಶವನ್ನು ಮಾತ್ರ ಕನ್ನಡದಲ್ಲಿ ಇಡಬೇಡಿ. "ಬೀಜ" ಅಂತ ಇಟ್ಟರೆ ಲಿಂಕ್ ಒಳಗೆ ಅದು ಹೀಗಾಗುತ್ತದೆ:

```
https://wa.me/91XXXXXXXXXX?text=%E0%B2%AC%E0%B3%80%E0%B2%9C
```

ಒಂದು ಚಿಕ್ಕ ಪದಕ್ಕೆ 27 ಅಕ್ಷರ. ಕೋಡ್ ಒತ್ತೊತ್ತಾಗುತ್ತದೆ. `BEEJA` ಅಂತ ಇಟ್ಟರೆ ಐದರಲ್ಲಿ ಮುಗಿಯುತ್ತದೆ.

ಇದಕ್ಕೆ ಕೆಳಗಿನ ಬರಹ ಬೇರೆಯೇ ಆಗಬೇಕು. ಇಲ್ಲಿ ಸ್ಕ್ಯಾನ್ ಮಾಡಿದ ಕೂಡಲೇ ಪಟ್ಟಿ ಸಿಗುವುದಿಲ್ಲ. ಚಾಟ್ ತೆರೆಯುತ್ತದೆ, ಅವರು ಕಳಿಸುವ ಗುಂಡಿ ಒತ್ತಬೇಕು, ಆಮೇಲೆ ನಿಮ್ಮಲ್ಲಿ ಒಬ್ಬರು ಕೂತು ಉತ್ತರ ಹಾಕಬೇಕು. "ಸ್ಕ್ಯಾನ್ ಮಾಡಿ, ಪಟ್ಟಿ ಪಡೆಯಿರಿ" ಅಂತ ಬರೆದರೆ ಸುಳ್ಳು ಹೇಳಿದ ಹಾಗೆ. "ವಾಟ್ಸಾಪ್ ತೆರೆಯುತ್ತದೆ. ಸಂದೇಶ ಕಳಿಸಿ, ಅದೇ ದಿನ ಸಂಜೆಯೊಳಗೆ ಬೀಜದ ಪಟ್ಟಿ ಕಳಿಸುತ್ತೇವೆ" ಅಂತ ಬರೆಯಬೇಕು. ಸಂಜೆಯೊಳಗೆ ಕಳಿಸುವವರು ಇದ್ದರೆ ಮಾತ್ರ.

ಹೊಳೆಬದಿ

ಅಷ್ಟು ಹೊತ್ತು ಕೂರುವವರು ನಮ್ಮಲ್ಲಿ ಇಲ್ಲ. ಪಟ್ಟಿಯೇ ನೇರ ತೆರೆಯಲಿ.

ಇಲ್ಲಿಯ ತನಕ ಹೇಳಿದ್ದನ್ನೆಲ್ಲ ಇಟ್ಟುಕೊಂಡು ಹೀಗೆ ಬರೆದಿದ್ದೇನೆ:

"ಮೇಳಕ್ಕೆ ಯಾವ ಬೀಜ ಬರುತ್ತಿದೆ? ಪಟ್ಟಿ ಇಲ್ಲಿದೆ.
ಫೋನಿನ ಕ್ಯಾಮೆರಾ ತೆರೆದು ಕೋಡಿಗೆ ಹಿಡಿಯಿರಿ. 34 ತಳಿಗಳ ಹೆಸರು, ತರುವವರ ಊರು ಮತ್ತು ಫೋನ್ ನಂಬರ್ ಇರುವ ಎರಡು ಪುಟ ತೆರೆಯುತ್ತದೆ.
ಹಣ ಕಟ್ ಆಗುವುದಿಲ್ಲ. ಒಟಿಪಿ ಕೇಳುವುದಿಲ್ಲ."

ಮೇಷ್ಟ್ರಮನೆ

ಕೊನೆಯ ಸಾಲು ನನಗೆ ಸರಿ ಕಾಣುತ್ತಿಲ್ಲ. "ಹಣ ಕಟ್ ಆಗುವುದಿಲ್ಲ" ಅಂತ ಓದಿದಾಗಲೇ, ಅಂದರೆ ಆಗಬಹುದಾ ಅನ್ನುವ ಯೋಚನೆ ಹುಟ್ಟುತ್ತದೆ. ಮೋಸ ಮಾಡುವವರೂ ಇದನ್ನೇ ಹೇಳುತ್ತಾರಲ್ಲ.

ಬಯಲುಸೀಮೆ

ಇಲ್ಲ ಸಾರ್, ಹೇಳಲೇಬೇಕು. ಗೊತ್ತಿಲ್ಲದ ಕೋಡ್ ಸ್ಕ್ಯಾನ್ ಮಾಡಬೇಡಿ ಅಂತ ಬ್ಯಾಂಕಿನವರು ಹೇಳಿ ಹೇಳಿ ನಮ್ಮೂರಲ್ಲಿ ಎಲ್ಲರೂ ಹೆದರಿಕೊಂಡಿದ್ದಾರೆ. ಹೇಳದಿದ್ದರೆ ಮುಟ್ಟೋದೇ ಇಲ್ಲ.

ಅಚ್ಚುಮೊಳೆ

ಇಬ್ಬರ ಮಾತಿಗೂ ತೂಕ ಇದೆ, ನಾನು ತೀರ್ಪು ಕೊಡಲಾರೆ. ನನ್ನ ಒಲವು "ಇದು ಹಣ ಕಳಿಸುವ ಕೋಡ್ ಅಲ್ಲ" ಅನ್ನುವ ಕಡೆಗೆ. ಅದು ಭರವಸೆ ಕೊಡುವ ಧಾಟಿಯಲ್ಲಿಲ್ಲ, ಇದ್ದದ್ದನ್ನು ಹೇಳುತ್ತದೆ. ದುಡ್ಡಿನ ಆ್ಯಪ್ ಹಿಡಿಯುವುದನ್ನೂ ತಪ್ಪಿಸುತ್ತದೆ. ಒಟಿಪಿ ಮಾತು ತೆಗೆಯಿರಿ, ಪಟ್ಟಿ ನೋಡುವಲ್ಲಿ ಅದರ ಪ್ರಸ್ತಾಪವೇ ಇಲ್ಲ.

"34 ತಳಿ" ಅನ್ನುವ ಲೆಕ್ಕ ನಿಲ್ಲುತ್ತದೆಯಾ? ಕರಪತ್ರ ಹಂಚಿದ ಮೇಲೂ ಯಾರಾದರೂ ಬೀಜ ತರುತ್ತೇನೆ ಅಂತ ಫೋನ್ ಮಾಡುತ್ತಾರೆ, ಕೆಲವರು ಆಗುವುದಿಲ್ಲ ಅನ್ನುತ್ತಾರೆ. ಕಾಗದದ ಮೇಲೆ ಬಿದ್ದ ಸಂಖ್ಯೆ ತಿದ್ದಲಾಗದು. ಸಂಖ್ಯೆ ಬಿಟ್ಟು ಬಗೆಗಳನ್ನು ಹೇಳಿ: ಭತ್ತ, ರಾಗಿ, ತರಕಾರಿ, ಕಾಳು. ಅದು ಬದಲಾಗುವುದಿಲ್ಲ. ಲೆಕ್ಕ ಪಟ್ಟಿಯ ಒಳಗಿರಲಿ, ಮೇಲೆ "ಇಂಥ ದಿನದವರೆಗೆ ಬಂದದ್ದು" ಅಂತ ದಿನಾಂಕ ಹಾಕಿ. ಡ್ರೈವ್‌ನಲ್ಲಿ ಹೊಸ ಪಿಡಿಎಫ್ ಹಾಕುವಾಗ ಹಳೆಯದನ್ನು ಅಳಿಸಿ ಬೇರೆ ಹಾಕಬೇಡಿ, ಲಿಂಕ್ ಬದಲಾಗಿ ಅಚ್ಚಾದ ಕೋಡ್ ಎಲ್ಲ ಸತ್ತುಹೋಗುತ್ತದೆ. ಕಂಪ್ಯೂಟರಿನಲ್ಲಿ ಅದೇ ಫೈಲಿನ "Manage versions" ಒಳಗೆ ಹೊಸದನ್ನು ಏರಿಸಿ. ಲಿಂಕ್ ಹಾಗೇ ಉಳಿಯುತ್ತದೆ.

ಗದ್ದೆಯಂಚು

ನಾನೂ ಇಂಥ ಮೇಳಗಳಿಗೆ ಬದನೆ ಬೀಜ ಒಯ್ಯುವವಳು. ಒಂದು ವಿನಂತಿ. ತರುವವರ ಫೋನ್ ನಂಬರ್ ಪಟ್ಟಿಯಲ್ಲಿ ಹಾಕುವ ಮುಂಚೆ ಅವರನ್ನು ಕೇಳಿ. ಕರಪತ್ರ ಎಲ್ಲಿಗೆ ಹೋಗುತ್ತದೋ ಯಾರಿಗೂ ಗೊತ್ತಾಗುವುದಿಲ್ಲ. ಮೇಳ ಮುಗಿದು ತಿಂಗಳುಗಟ್ಟಲೆ ಆದಮೇಲೂ "ಕೆಜಿಗೆ ಎಷ್ಟು, ಕೊರಿಯರ್ ಮಾಡ್ತೀರಾ" ಅಂತ ರಾತ್ರಿ ಫೋನ್ ಬರುತ್ತದೆ. ನಾವು ಮಾರುವವರಲ್ಲ, ಒಂದು ಹಿಡಿ ಕೊಟ್ಟು ಒಂದು ಹಿಡಿ ತೆಗೆದುಕೊಳ್ಳುವವರು.

ಅದಕ್ಕೇ ಇನ್ನೊಂದು ಮಾತೂ ಕೆಳಗೆ ಬರಬೇಕು ಅನ್ನಿಸುತ್ತದೆ. ಪಟ್ಟಿ ನೋಡಿದವರು ಅಂಗಡಿ ಪಟ್ಟಿ ಅಂದುಕೊಂಡು ದುಡ್ಡು ಹಿಡಿದು ಬರುತ್ತಾರೆ. ಬದಲಿಗೆ ಬೀಜ ತರಬೇಕು ಅನ್ನುವುದು ಅವರಿಗೆ ಅಲ್ಲಿಗೆ ಬಂದಮೇಲೆ ಗೊತ್ತಾಗುತ್ತದೆ.

ಹೊಳೆಬದಿ

ಅಕ್ಕಾ, ಇದನ್ನು ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ. ನಂಬರ್ ತೆಗೆಸಿ ಊರಿನ ಹೆಸರು ಮಾತ್ರ ಇಡುತ್ತೇನೆ. ಹಾಗಿದ್ದರೆ:

"ಮೇಳಕ್ಕೆ ಯಾವ ಬೀಜ ಬರುತ್ತಿದೆ? ಪಟ್ಟಿ ಇಲ್ಲಿದೆ.
ಫೋನಿನ ಕ್ಯಾಮೆರಾ ಅಥವಾ ಗೂಗಲ್ ಲೆನ್ಸ್ ಹಿಡಿಯಿರಿ: ಭತ್ತ, ರಾಗಿ, ತರಕಾರಿ, ಕಾಳುಗಳ ತಳಿ ಹೆಸರು ಮತ್ತು ತರುವವರ ಊರು, ಎರಡು ಪುಟ. ಇದು ಹಣ ಕಳಿಸುವ ಕೋಡ್ ಅಲ್ಲ.
ಬೀಜ ಮಾರಾಟಕ್ಕಿಲ್ಲ, ಬದಲಿ ಬೀಜ ತನ್ನಿ."

ಕಾಫಿಸಾಲು

ಕರಪತ್ರದ ಫೋಟೋ ವಾಟ್ಸಾಪ್ ಸ್ಟೇಟಸ್ಸಿಗೆ ಹೋಗಿಯೇ ಹೋಗುತ್ತದೆ. ಆಗ ಕೋಡ್ ಅವರ ಫೋನಿನ ಪರದೆಯ ಮೇಲೇ ಇರುತ್ತದೆ, ಅದೇ ಫೋನಿನ ಕ್ಯಾಮೆರಾ ಹಿಡಿಯುವುದು ಹೇಗೆ? "ಕ್ಯಾಮೆರಾ ಹಿಡಿಯಿರಿ" ಅನ್ನುವ ಮಾತೇ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಅಚ್ಚುಮೊಳೆ

ಒಳ್ಳೆಯ ಮಾತು. ಚಿತ್ರ ಉಳಿಸಿಕೊಂಡು ಲೆನ್ಸ್‌ನಲ್ಲಿ ತೆರೆದರೆ ಓದುತ್ತದೆ, ಆದರೆ ಅಷ್ಟು ಮಾಡುವವರು ಕಡಿಮೆ. ಅಚ್ಚಿಗೆ ಒಂದು, ವಾಟ್ಸಾಪಿಗೆ ಇನ್ನೊಂದು ಅಂತ ಎರಡು ಮಾಡಿಕೊಳ್ಳಿ. ವಾಟ್ಸಾಪಿನದ್ದರಲ್ಲಿ ಕೋಡೇ ಬೇಡ. ಚಿತ್ರದ ಜೊತೆ ಕಳಿಸುವ ಸಂದೇಶದಲ್ಲಿ ಲಿಂಕ್ ಹಾಕಿ, ಅದರ ಮೇಲೆ "ಬೀಜದ ಪಟ್ಟಿ, ಎರಡು ಪುಟ" ಅಂತ ಬರೆಯಿರಿ. ಸ್ಟೇಟಸ್ಸಿಗೆ ಬರೀ ಚಿತ್ರ ಹಾಕುವವರ ಲಿಂಕ್ ಕಳೆದುಹೋಗುತ್ತದೆ, ಅದಕ್ಕೆ ಚಿತ್ರದಲ್ಲೇ "ಪಟ್ಟಿ ಬೇಕಾದರೆ ಈ ನಂಬರಿಗೆ ಮೆಸೇಜ್ ಮಾಡಿ" ಅಂತ ಒಂದು ಸಾಲು ಇರಲಿ.

ಅಚ್ಚಿನ ಪ್ರತಿಗೂ ಅದು ಉಪಯೋಗ. ಬಯಲುಸೀಮೆಯವರ ತಂದೆಯವರ ಫೋನಿನಂಥವು ಬೇಕಾದಷ್ಟಿವೆ.

ಕೋಡ್ ಎಷ್ಟು ದೊಡ್ಡದು ಹಾಕಿದ್ದಾರೆ? ಕೈಯಲ್ಲಿ ಹಿಡಿದು ನೋಡುವ ಕರಪತ್ರಕ್ಕೆ ಎರಡೂವರೆ ಸೆಂಟಿಮೀಟರ್ ಇದ್ದರೆ ಸಾಕು. ಸುತ್ತ ನಾಲ್ಕು ಚೌಕದಷ್ಟು ಬಿಳಿ ಜಾಗ ಬಿಡಿಸಿ, ಬರಹವನ್ನು ಅದಕ್ಕೆ ತಾಗಿಸಿ ಕೂರಿಸಬೇಡಿ. ಜಾಗ ಉಳಿಸಲು ಡಿಟಿಪಿಯವರು ಮಾಡುವ ಮೊದಲ ಕೆಲಸ ಅದೇ.

ಹೊಳೆಬದಿ

ಸರಿಯಾಗಿ ಎರಡೂವರೆ ಇದೆ. ಬಿಳಿ ಜಾಗ ಕಡಿಮೆ ಇದೆ, ಹೇಳುತ್ತೇನೆ. ಬಸ್ ಸ್ಟ್ಯಾಂಡಿನ ಗೋಡೆಗೂ ಇದನ್ನೇ ಅಂಟಿಸಬೇಕೆಂದಿದ್ದಾರೆ.

ಅಚ್ಚುಮೊಳೆ

ಗೋಡೆಗೆ ಇದು ಆಗುವುದಿಲ್ಲ. ಎಷ್ಟು ದೂರದಿಂದ ಹಿಡಿಯುತ್ತಾರೋ ಅದರ ಹತ್ತನೇ ಒಂದು ಭಾಗದಷ್ಟು ಅಗಲ ಕೋಡಿಗೆ ಬೇಕು. ಒಂದೂವರೆ ಮೀಟರ್ ದೂರಕ್ಕೆ ಹದಿನೈದು ಸೆಂಟಿಮೀಟರ್. ಎ5 ಹಾಳೆಯ ಅಗಲವೇ ಹದಿನೈದರ ಹತ್ತಿರ. ಗೋಡೆಗೆ ಬೇರೆ ದೊಡ್ಡ ಹಾಳೆ ಮಾಡಿಸಿ, ಅದರಲ್ಲಿ ಮೊದಲ ಸಾಲು ಮಾತ್ರ ದೊಡ್ಡದಾಗಿ ಇರಲಿ.

ಪ್ರೂಫ್ ಬಂದಾಗ ಒಂದು ಪರೀಕ್ಷೆ ಮಾಡಿ. ಅಸಲಿ ಅಳತೆಯಲ್ಲೇ ತೆಗೆದ ಪ್ರತಿಯನ್ನು ಡೇರಿಗೆ ಒಯ್ದು ಯಾರಾದರೂ ಹಿರಿಯರ ಕೈಗೆ ಕೊಡಿ. ಸ್ಕ್ಯಾನ್ ಮಾಡಿಸುವ ಮೊದಲು "ಇದನ್ನು ಹಿಡಿದರೆ ಏನು ಬರುತ್ತದೆ ಅಂದುಕೊಂಡಿರಿ?" ಅಂತ ಕೇಳಿ. "ಬೀಜದ ಪಟ್ಟಿ" ಅಂದರೆ ಬರಹ ಸರಿ ಇದೆ. "ಮೇಳದ ವಿಷಯ" ಅಂದರೆ ಮೊದಲ ಸಾಲನ್ನು ಇನ್ನೂ ದಪ್ಪ ಮಾಡಬೇಕು. ಆಮೇಲೆ ಅವರ ಫೋನಿನಲ್ಲೇ ತೆರೆಸಿ, ಯಾವ ಆ್ಯಪಿಗೆ ಕೈ ಹೋಗುತ್ತದೆ ನೋಡಿ. ನೀವು ಹೇಳಿಕೊಡಬೇಡಿ.

ಮೇಷ್ಟ್ರಮನೆ

"ಬದಲಿ ಬೀಜ ತನ್ನಿ" ಅನ್ನುವುದು ಕೋಡಿನ ಕೆಳಗೆ ಬೇಕಾ? ಸ್ಕ್ಯಾನಿಗೂ ಅದಕ್ಕೂ ಸಂಬಂಧ ಇಲ್ಲ. ಕರಪತ್ರದ ತಲೆಬರಹದ ಕೆಳಗೆ ಇರಬೇಕಾದ ಮಾತು ಅದು. ಸ್ಕ್ಯಾನ್ ಮಾಡದವರಿಗೂ ತಿಳಿಯಬೇಕಲ್ಲ.

ಗದ್ದೆಯಂಚು

ಎರಡೂ ಕಡೆ ಇರಲಿ ಮೇಷ್ಟ್ರೇ. ಪಟ್ಟಿ ನೋಡಿದ ಕ್ಷಣದಲ್ಲೇ ಮನಸ್ಸಿಗೆ ಬೀಜ ಬೇಕು ಅನ್ನಿಸುವುದು, ಆಗಲೇ ಅದು ಕಣ್ಣಿಗೆ ಬೀಳಬೇಕು. ಪಟ್ಟಿಯ ಎರಡು ಪುಟದ ಮೇಲ್ಗಡೆಯೂ ಹಾಕಿಸಿ.

ಹೊಳೆಬದಿ

ತಲೆಬರಹದ ಕೆಳಗೆ ಮತ್ತು ಪಟ್ಟಿಯ ಒಳಗೆ ಹಾಕಿಸುತ್ತೇನೆ. ಕೋಡಿನ ಕೆಳಗಿನ ಆ ಜಾಗಕ್ಕೆ "ತೆರೆಯದಿದ್ದರೆ ಈ ನಂಬರಿಗೆ ಮೆಸೇಜ್ ಮಾಡಿ" ಅನ್ನುವ ಸಾಲು ಬರುತ್ತದೆ, ಎರಡಕ್ಕೂ ಸೇರಿ ಜಾಗ ಸಾಲದು. ಹಣದ ಸಾಲಿನ ಬಗ್ಗೆ ಸಮಿತಿಯಲ್ಲಿ ಇನ್ನೂ ಒಪ್ಪಿಗೆ ಆಗಿಲ್ಲ, ಮೇಷ್ಟ್ರು ಹೇಳಿದ ಹಾಗೆಯೇ ಇಬ್ಬರು ಹೇಳುತ್ತಿದ್ದಾರೆ. ಪ್ರೂಫಿನಲ್ಲಿ ಆ ಸಾಲು ಇರುವ ಪ್ರತಿ, ಇಲ್ಲದ ಪ್ರತಿ ಎರಡನ್ನೂ ತೆಗೆಸಿ ಡೇರಿಗೆ ಒಯ್ಯುತ್ತೇನೆ.

ಅಚ್ಚುಮೊಳೆ ಅವರೇ, ಕೋಡಿನ ಚಿತ್ರವನ್ನು ಪ್ರೆಸ್ಸಿನವರಿಗೆ ವಾಟ್ಸಾಪಿನಲ್ಲಿ ಕಳಿಸಿದರೆ ಆಗುತ್ತದಾ?

ಅಚ್ಚುಮೊಳೆ

ಬೇಡ, ಅಂಚು ಮಸುಕಾಗುತ್ತದೆ. ಎಸ್‌ವಿಜಿ ಅಥವಾ ಪಿಡಿಎಫ್ ಆಗಿ ಇಮೇಲ್ ಮಾಡಿ. ಕೋಡ್ ಮಾಡಿಕೊಟ್ಟ ಜಾಲತಾಣದಲ್ಲಿ ನಿಮ್ಮ ಡ್ರೈವ್ ಲಿಂಕೇ ಒಳಗೆ ಇದೆಯಾ, ಇಲ್ಲ ಅವರದ್ದೊಂದು ಚಿಕ್ಕ ಲಿಂಕ್ ಸೇರಿಸಿದ್ದಾರಾ ಅಂತ ಕ್ಯಾಮೆರಾ ಹಿಡಿದು ಓದಿ ನೋಡಿ. ಕೆಲವು ಕಡೆ ಬಿಟ್ಟಿ ಅವಧಿ ಮುಗಿದ ಕೂಡಲೇ ಆ ಚಿಕ್ಕ ಲಿಂಕ್ ನಿಂತುಹೋಗುತ್ತದೆ. `drive.google.com` ಅಂತಲೇ ಕಂಡರೆ ಅಚ್ಚಿಗೆ ಕೊಡಿ.